ಎರಡನೇ ದರ್ಜೆಯ ಪೋಲ್ ಹತ್ತಿರ ಉತ್ತರ ಯಾಕೆ ತಪ್ಪುತ್ತಿದೆ?

ಬಿ.ಎಸ್ಸಿ. ವಿದ್ಯಾರ್ಥಿನಿ: ಮೇಡಂ, |z| = 2 ವೃತ್ತದ ಮೇಲೆ ಎಡಸುತ್ತಾಗಿ ಈ ಫಂಕ್ಷನ್‌ನ ಇಂಟಿಗ್ರಲ್ ಬೇಕು:

```
f(z) = (z² + 1) / ( z (z−1)² (z−3) )
```

0 ಮತ್ತು 1 ಒಳಗಿವೆ, 3 ಹೊರಗಿದೆ. 0ಯಲ್ಲಿ ರೆಸಿಡ್ಯೂ −1/3 ಬಂತು. 1ರಲ್ಲಿ (z−1)² ಇಂದ ಗುಣಿಸಿ z = 1 ಹಾಕಿದೆ, −1 ಬಂತು. ಒಟ್ಟು −4/3, ಅಂದರೆ ಇಂಟಿಗ್ರಲ್ −8πi/3. ಪುಸ್ತಕದಲ್ಲಿ −5πi/3 ಅಂತಿದೆ. ಪುಸ್ತಕವೇ ತಪ್ಪಾ?

ಎಂ.ಎಸ್ಸಿ. ಓದುತ್ತಿರುವವರು: ಎರಡೂ ತಪ್ಪು ಅನಿಸುತ್ತೆ. ಎಲ್ಲ ರೆಸಿಡ್ಯೂಗಳನ್ನು ಕೂಡಿದರೆ ಸೊನ್ನೆ ಬರುತ್ತೆ, ಅದು ನಿಯಮ. ಹಾಗಾಗಿ ಉತ್ತರ 0.

ನಿವೃತ್ತ ಗಣಿತ ಉಪನ್ಯಾಸಕಿ: ಪುಸ್ತಕದ ಉತ್ತರ ಸರಿಯಾಗಿಯೇ ಇದೆ ಕಣಮ್ಮ. ನೀನು ಅರ್ಧ ದಾರಿಯಲ್ಲಿ ನಿಂತಿದ್ದೀಯ.

1ರ ಹತ್ತಿರ ಹೋಗಿ ನೋಡೋಣ. w = z − 1 ಅಂತ ಇಟ್ಟುಕೋ. ಮೇಲಿನದು 2 + 2w + w² ಆಗುತ್ತೆ. ಕೆಳಗೆ w² ಬಿಟ್ಟು ಉಳಿದದ್ದು (1 + w)(w − 2), ಅಂದರೆ −2 − w + w². ಭಾಗಿಸಿ ಮೊದಲ ಎರಡು ಪದ ಮಾತ್ರ ಬರೆದುಕೊಂಡರೆ ಸಾಕು:

```
g = −1 − w/2 + ...
f = g/w² = −1/w² − (1/2)·(1/w) + ...
```

ನೀನು ಕಂಡುಹಿಡಿದ −1 ಎಲ್ಲಿದೆ ನೋಡು. ಅದು 1/w² ಮುಂದೆ ಇದೆ. ರೆಸಿಡ್ಯೂ ಅಂದರೆ 1/w ಮುಂದಿನ ಸಂಖ್ಯೆ, ಅದು −1/2.

1/w² ಯಾಕೆ ಲೆಕ್ಕಕ್ಕಿಲ್ಲ ಅಂತ ಕೇಳಬಹುದು. ಅದರ ಆ್ಯಂಟಿಡೆರಿವೇಟಿವ್ −1/w. ವೃತ್ತದಲ್ಲಿ ಒಂದು ಸುತ್ತು ಹಾಕಿ ಹೊರಟ ಜಾಗಕ್ಕೆ ಬಂದರೆ −1/w ಕೂಡ ಹೊರಟ ಬೆಲೆಗೇ ಬರುತ್ತೆ. ವ್ಯತ್ಯಾಸ ಸೊನ್ನೆ. 1/w ಹಾಗಲ್ಲ, ಅದರದು ಲಾಗ್. ಒಂದು ಸುತ್ತು ಮುಗಿಯುವಷ್ಟರಲ್ಲಿ ಲಾಗ್ 2πi ಜಾಸ್ತಿಯಾಗಿರುತ್ತೆ. ಸೂತ್ರದಲ್ಲಿರುವ 2πi ಬಂದಿದ್ದೇ ಅಲ್ಲಿಂದ.

ಈಗ −1/3 − 1/2 = −5/6. 2πi ಇಂದ ಗುಣಿಸಿದರೆ −5πi/3.

ಎರಡನೇ ದರ್ಜೆಯ ಪೋಲ್ ಅಂದರೆ (z−1)² ಇಂದ ಗುಣಿಸಿದ ಮೇಲೆ ಒಂದು ಸಲ ಡಿಫರೆನ್ಷಿಯೇಟ್ ಮಾಡಬೇಕು. ಆಮೇಲೆ z = 1 ಹಾಕಬೇಕು. ಭಾಗಾಕಾರದ ಸೂತ್ರ ಹಾಕಿದರೆ ಚಿಹ್ನೆ ತಪ್ಪುವುದು ಜಾಸ್ತಿ. ನಾನು ಲಾಗ್ ತೆಗೆದುಕೊಂಡು ಮಾಡುತ್ತೇನೆ:

```
g'/g = 2z/(z²+1) − 1/z − 1/(z−3)
z = 1 :  1 − 1 + 1/2 = 1/2
g(1) = −1,  ಹಾಗಾಗಿ g'(1) = −1/2
```

ಬಾಯಿಲೆಕ್ಕದಲ್ಲೇ ಮುಗಿಯುತ್ತೆ. ಆದರೆ ಮೇಲಿರುವುದು 1ರಲ್ಲೇ ಸೊನ್ನೆಯಾದರೆ ಈ ದಾರಿ ನಡೆಯಲ್ಲ. ಆಗ ಪೋಲ್‌ನ ದರ್ಜೆಯೇ ಕಡಿಮೆಯಾಗಿರುತ್ತೆ, ಮೊದಲು ಅದನ್ನು ಹೊಡೆದುಹಾಕಬೇಕು.

ಎಂ.ಎಸ್ಸಿ. ಓದುತ್ತಿರುವವರು: ಹಾಗಾದರೆ ಮೊತ್ತ ಸೊನ್ನೆ ಅನ್ನೋ ನಿಯಮ ಸುಳ್ಳಾ ಮೇಡಂ?

ನಿವೃತ್ತ ಗಣಿತ ಉಪನ್ಯಾಸಕಿ: ಸುಳ್ಳಲ್ಲ, ನೀವು ಅದನ್ನು ಬೇರೆ ವೃತ್ತಕ್ಕೆ ಹಾಕಿದ್ದೀರಿ. ವೃತ್ತ |z| = 4 ಆಗಿದ್ದರೆ 3 ಕೂಡ ಒಳಗೆ ಬರುತ್ತಿತ್ತು, ನಿಮ್ಮ ಸೊನ್ನೆ ಸರಿಯಾಗುತ್ತಿತ್ತು. ತ್ರಿಜ್ಯ R ತುಂಬಾ ದೊಡ್ಡದಾದರೆ f ಸುಮಾರು 1/R² ಆಗುತ್ತೆ, ವೃತ್ತದ ಉದ್ದ 2πR. ಗುಣಿಸಿದರೆ 2π/R, ಸೊನ್ನೆಗೆ ಹೋಗುತ್ತೆ.

ಇದರಿಂದ ಉತ್ತರ ತಾಳೆ ನೋಡೋದು ಸುಲಭ. 3ರಲ್ಲಿ ರೆಸಿಡ್ಯೂ 10/(3·4) = 5/6. ಒಟ್ಟು ಸೊನ್ನೆ ಆಗಬೇಕು ಅಂದರೆ ಒಳಗಿನದು −5/6 ಆಗಲೇಬೇಕು. ಡಿಫರೆನ್ಷಿಯೇಟ್ ಮಾಡದೆಯೇ ಉತ್ತರ ಸಿಕ್ಕಿಬಿಟ್ಟಿತು! ನಮ್ಮ ಹುಡುಗಿ −4/3 ಬಂದಾಗ ಇದನ್ನು ನೋಡಿದ್ದರೆ ಪುಸ್ತಕದ ಮೇಲೆ ಅನುಮಾನ ಬರುತ್ತಿರಲಿಲ್ಲ.

ಆದರೆ ಕೆಳಗಿನ ಘಾತ ಮೇಲಿನದಕ್ಕಿಂತ ಕನಿಷ್ಠ 2 ಜಾಸ್ತಿ ಇರಬೇಕು. ಮೇಲೆ z³ + 1 ಇದ್ದಿದ್ದರೆ ಎಲ್ಲ ರೆಸಿಡ್ಯೂ ಕೂಡಿ 1 ಬರುತ್ತಿತ್ತು, ಸೊನ್ನೆ ಅಲ್ಲ. ಮೇಲೆ eᶻ ಇದ್ದರಂತೂ ಈ ತಾಳೆಯ ಆಸೆ ಬಿಡಿ.

ಪ್ರೋಗ್ರಾಮರ್: ಕೈಲೆಕ್ಕ ನಂಬದವರಿಗೆ. ವೃತ್ತದ ಮೇಲೆ ಸಮದೂರದಲ್ಲಿ 64 ಬಿಂದು ತೆಗೆದುಕೊಂಡು z·f(z)ನ ಸರಾಸರಿ ನೋಡಿದರೆ ಸಾಕು, ಅದೇ ಒಳಗಿನ ರೆಸಿಡ್ಯೂಗಳ ಮೊತ್ತ.

```python
import numpy as np
t = np.arange(64) * 2*np.pi/64
z = 2*np.exp(1j*t)
f = (z**2 + 1) / (z * (z-1)**2 * (z-3))
print((z*f).mean())
```

−0.8333333333 ಬರುತ್ತೆ, ಜೊತೆಗೆ ಲೆಕ್ಕಕ್ಕೆ ಬಾರದಷ್ಟು ಚಿಕ್ಕ ಇಮ್ಯಾಜಿನರಿ ಭಾಗ. ಇಲ್ಲಿ ತಪ್ಪಿನ ಪ್ರಮಾಣ (2/3)⁶⁴ ಆಸುಪಾಸು. ತ್ರಿಜ್ಯ 2.9 ಮಾಡಿ ನೋಡಿ, ಪೋಲ್ 3 ಪಕ್ಕದಲ್ಲೇ ಬರೋದರಿಂದ 64 ಬಿಂದು ಸಾಲಲ್ಲ.

ಎಲೆಕ್ಟ್ರಾನಿಕ್ಸ್ ಎಂಜಿನಿಯರ್: ಸ್ವಲ್ಪ ಬೇರೆ ವಿಷಯ, ಆದರೂ ಕೇಳುತ್ತೇನೆ. ನಮ್ಮಲ್ಲಿ ಝಡ್ ಟ್ರಾನ್ಸ್‌ಫಾರ್ಮ್ ವಾಪಸ್ ತರುವಾಗ ಇದೇ ಇಂಟಿಗ್ರಲ್. X(z) = z/((z−0.5)(z−2)), ವೃತ್ತ 0.5 ಮತ್ತು 2ರ ನಡುವೆ. n ಋಣ ಆದಾಗ z = 0ಯಲ್ಲಿ ಪೋಲ್ ಬರುತ್ತೆ, n = −5ಕ್ಕೆ ಐದನೇ ದರ್ಜೆ. ನಾಲ್ಕು ಸಲ ಡಿಫರೆನ್ಷಿಯೇಟ್ ಮಾಡೋದಾ?

ನಿವೃತ್ತ ಗಣಿತ ಉಪನ್ಯಾಸಕಿ: ಬೇರೆ ವಿಷಯ ಏನಲ್ಲ, ಅದೇ ತಾಳೆಯ ಉಪಾಯ ಸಾಕು. ಇಂಟಿಗ್ರಲ್ ಒಳಗಿರುವುದು zⁿ/((z−0.5)(z−2)). n ಋಣ ಆದರೆ ಕೆಳಗಿನ ಘಾತ ಬೇಕಾದಷ್ಟು ಜಾಸ್ತಿ. ಹೊರಗಿರುವ ಪೋಲ್ 2 ಒಂದೇ. ಅಲ್ಲಿನ ರೆಸಿಡ್ಯೂಗೆ ಮೈನಸ್ ಹಾಕಿ: x[n] = −(2/3)·2ⁿ. n ≥ 0 ಆದಾಗ 0ಯಲ್ಲಿ ಪೋಲ್ ಇಲ್ಲ, ಒಳಗಿನ 0.5 ಮಾತ್ರ ನೋಡಿ: x[n] = −(2/3)·(0.5)ⁿ.

ಎಲೆಕ್ಟ್ರಾನಿಕ್ಸ್ ಎಂಜಿನಿಯರ್: ಇಷ್ಟು ದಿನ ಪಾರ್ಷಿಯಲ್ ಫ್ರ್ಯಾಕ್ಷನ್ ಮಾಡಿಕೊಂಡು ಒದ್ದಾಡುತ್ತಿದ್ದೆವು. ಥ್ಯಾಂಕ್ಸ್ ಮೇಡಂ.

ಬಿ.ಎಸ್ಸಿ. ವಿದ್ಯಾರ್ಥಿನಿ: ಅರ್ಥ ಆಯ್ತು ಮೇಡಂ. ಇದೇ ಲೆಕ್ಕದ ಮುಂದಿನ ಭಾಗದಲ್ಲಿ ವೃತ್ತ |z| = 3 ಅಂತಿದೆ. ಪೋಲ್ ವೃತ್ತದ ಮೇಲೇ ಕೂತಿದೆ. ಒಳಗೆ ಅಂತ ಬರೆಯಲಾ, ಹೊರಗೆ ಅಂತಲಾ?

ಎಂ.ಎಸ್ಸಿ. ಓದುತ್ತಿರುವವರು: ಅರ್ಧ ತಗೋಬೇಕು. −5πi/3ಕ್ಕೆ πi·(5/6) ಕೂಡಿಸಿ, −5πi/6. ಈ ಸಲ ನಾನು ಸರಿ ಅಲ್ವಾ ಮೇಡಂ?

ನಿವೃತ್ತ ಗಣಿತ ಉಪನ್ಯಾಸಕಿ: ಸಂಖ್ಯೆ ಸರಿ. ಆದರೆ ಅದು ಕೋಶಿ ಪ್ರಿನ್ಸಿಪಲ್ ವ್ಯಾಲ್ಯೂ. 3ರ ಎರಡೂ ಪಕ್ಕ ಸಮ ದೂರ ಬಿಟ್ಟು, ಆ ಅಂತರವನ್ನು ಸೊನ್ನೆಗೆ ತಂದಾಗ ಬರುವ ಬೆಲೆ. ಒಂದು ಪಕ್ಕ ಜಾಸ್ತಿ, ಒಂದು ಪಕ್ಕ ಕಡಿಮೆ ಬಿಟ್ಟರೆ ಬೇರೆ ಬೆಲೆ ಬರುತ್ತೆ. ಮಾಮೂಲಿ ಅರ್ಥದಲ್ಲಿ ಆ ಇಂಟಿಗ್ರಲ್ ಇಲ್ಲವೇ ಇಲ್ಲ. 3ರಲ್ಲಿ ಮೊದಲ ದರ್ಜೆಯ ಪೋಲ್ ಇರೋದರಿಂದ ಅರ್ಧದ ಲೆಕ್ಕ ನಡೆಯಿತು, ಎರಡನೇ ದರ್ಜೆ ಇದ್ದಿದ್ದರೆ ಸಾಮಾನ್ಯವಾಗಿ ಅದೂ ಇರಲ್ಲ.

ಪ್ರೋಗ್ರಾಮರ್: ಪರೀಕ್ಷೆಯಲ್ಲಿ ಏನು ಬರೆಯಬೇಕು ಹಾಗಾದರೆ?

ನಿವೃತ್ತ ಗಣಿತ ಉಪನ್ಯಾಸಕಿ: ಪ್ರಶ್ನೆಯಲ್ಲಿ ಪ್ರಿನ್ಸಿಪಲ್ ವ್ಯಾಲ್ಯೂ ಅಂತ ಇಲ್ಲದಿದ್ದರೆ ಇಂಟಿಗ್ರಲ್ ಇಲ್ಲ ಅಂತ ಬರೆದು ಕಾರಣ ಕೊಡು ಅಂತೀನಿ ನಾನು.

ಎಂ.ಎಸ್ಸಿ. ಓದುತ್ತಿರುವವರು: ನಮ್ಮ ಮೇಷ್ಟ್ರು ಅರ್ಧ ಬರೆದವರಿಗೇ ಪೂರ್ತಿ ಮಾರ್ಕ್ಸ್ ಕೊಟ್ಟಿದ್ದರು. ನಾನಾದರೆ ಎರಡನ್ನೂ ಬರೆಯುತ್ತೇನೆ.

ಬಿ.ಎಸ್ಸಿ. ವಿದ್ಯಾರ್ಥಿನಿ: ಉತ್ತರದ ಪುಟದಲ್ಲಿ ಈ ಭಾಗಕ್ಕೆ 0 ಅಂತ ಕೊಟ್ಟಿದ್ದಾರೆ. ಅಲ್ಲಿ ವೃತ್ತ |z| = 4 ಅಂತ ಇರಬೇಕಿತ್ತೇನೋ.