ಸಹಾಯ ಬೇಕು: ಫಾರ್ಮುಲಾ ಶುರುಮಾಡಿದ ಮೇಲೆ ಎದೆಹಾಲು ತಗ್ಗಿದೆ, ಮಗಳು ಬಾಟಲಿಯನ್ನೂ ಒಲ್ಲೆ ಎನ್ನುತ್ತಿದ್ದಾಳೆ

ನಮಸ್ಕಾರ. ನನ್ನ ಮಗಳಿಗೆ ಈಗ 11 ವಾರ. ಇನ್ನು 5 ವಾರಗಳಲ್ಲಿ ನಾನು ಕೆಲಸಕ್ಕೆ ಮರಳಬೇಕಾಗಿರುವುದರಿಂದ, ಮಕ್ಕಳ ವೈದ್ಯರನ್ನು ಕೇಳಿಕೊಂಡು ಹಗಲಿನ ಎರಡು ಹೊತ್ತು ಫಾರ್ಮುಲಾ ಕೊಡಲು ಆರಂಭಿಸಿದೆ. ಎರಡೂ ಹೊತ್ತನ್ನು ಒಂದೇ ವಾರದಲ್ಲಿ ಬದಲಿಸಿ, ಆ ವೇಳೆಯಲ್ಲಿ ಹಾಲು ಹಿಂಡದೆ ಬಿಟ್ಟದ್ದು ನನ್ನ ತಪ್ಪು. ಎದೆ ತುಂಬಿಯೇ ಉಳಿದರೆ ದೇಹವು ಹಾಲಿನ ಉತ್ಪತ್ತಿಯನ್ನು ತಗ್ಗಿಸುತ್ತದೆ ಎಂಬುದು ನನಗೆ ತಡವಾಗಿ ತಿಳಿಯಿತು; ಬೆಳಿಗ್ಗೆ ಪಂಪಿನಲ್ಲಿ 90 ಮಿ.ಲೀ. ಬರುತ್ತಿದ್ದದ್ದು ಈಗ 50ಕ್ಕೆ ಇಳಿದಿದೆ.

ಹಾಗಾಗಿ ನಾಲ್ಕು ದಿನಗಳಿಂದ ಒಂದೇ ಹೊತ್ತು ಫಾರ್ಮುಲಾ ಕೊಟ್ಟು, ಅದೇ ವೇಳೆಗೆ 15 ನಿಮಿಷ ಪಂಪ್ ಮಾಡುತ್ತಿದ್ದೇನೆ. ರಾತ್ರಿ ಪೂರ್ತಿ ಎದೆಹಾಲೇ. ಮಗು ದಿನಕ್ಕೆ ಆರೇಳು ಬಾರಿ ಮೂತ್ರ ಮಾಡುತ್ತಾಳೆ, ತೂಕವೂ ಏರುತ್ತಿದೆ.

ಬಾಟಲಿಯದೇ ದೊಡ್ಡ ಚಿಂತೆ. ನಾನು ಕೊಟ್ಟರೆ ನಿಪ್ಪಲನ್ನು ನಾಲಗೆಯಿಂದ ತಳ್ಳಿ ಅಳುತ್ತಾಳೆ. ನಿನ್ನೆ ನಾನು ಬೇರೆ ಕೋಣೆಯಲ್ಲಿದ್ದಾಗ ಅತ್ತೆಯವರು, ಹಸಿವು ಜೋರಾಗುವ ಮುನ್ನವೇ, ಅವಳನ್ನು ತುಸು ನೇರವಾಗಿ ಕೂರಿಸಿಕೊಂಡು, ನಿಧಾನವಾಗಿ ಹರಿಯುವ ನಿಪ್ಪಲಿನ ಬಾಟಲಿಯನ್ನು ಅಡ್ಡಲಾಗಿ ಹಿಡಿದು, ನಡುನಡುವೆ ನಿಲ್ಲಿಸುತ್ತ ಕೊಟ್ಟಾಗ 40 ಮಿ.ಲೀ. ಕುಡಿದಳು. ಒತ್ತಾಯಿಸಿ ಬಾಯಿಗಿಡುವುದನ್ನು ನಾವು ಪೂರ್ತಿ ಬಿಟ್ಟಿದ್ದೇವೆ.

ಎರಡನೆಯ ಹೊತ್ತನ್ನು ಮತ್ತೆ ಬದಲಿಸುವ ಮೊದಲು ನೀವು ಎಷ್ಟು ದಿನ ಕಾದಿರಿ? ಕೆಲಸದ ಜಾಗದಲ್ಲಿ ಎಷ್ಟು ಗಂಟೆಗೊಮ್ಮೆ ಪಂಪ್ ಮಾಡಿದ್ದರಿಂದ ಹಾಲು ಉಳಿಯಿತು? ಬಾಟಲಿಗೆ ಮೊದಲು ಹಿಂಡಿದ ಎದೆಹಾಲನ್ನೇ ಹಾಕಿ ರೂಢಿ ಮಾಡಿಸಿದವರು ದಯವಿಟ್ಟು ತಿಳಿಸಿ.