ಬ್ಯಾಂಕಾಕ್‌ಗೆ ದುಡ್ಡು ಹೇಗೆ ಒಯ್ದಿರಿ? ಮೆಷಿನ್ ಕೇಳಿದಾಗ ರೂಪಾಯಿ ಒತ್ತಬೇಕಾ, ಬಾತ್ ಒತ್ತಬೇಕಾ?

ವಿರಾಜಪೇಟೆಯಿಂದ ಪ್ರಶ್ನೆ: ಫೆಬ್ರವರಿಯಲ್ಲಿ ನಾನು, ಹೆಂಡತಿ, ಅತ್ತೆ ಬ್ಯಾಂಕಾಕ್ ಮತ್ತು ಫುಕೆಟ್‌ಗೆ ಹೊರಟಿದ್ದೇವೆ, 8 ದಿನ. ನಗದು ಎಷ್ಟು ಇಟ್ಟುಕೊಳ್ಳಲಿ, ಎಲ್ಲಿ ಬದಲಾಯಿಸಲಿ? ಕಾರ್ಡ್ ಉಜ್ಜುವಾಗ ಮೆಷಿನ್ ರೂಪಾಯಿಯಾ ಬಾತ್ ಆ ಅಂತ ಕೇಳುತ್ತದಂತೆ. ಯಾವುದು ಒತ್ತಬೇಕು? ಹೋಗಿ ಬಂದವರು ಅನುಭವ ಹೇಳಿ.

ಪೊನ್ನಂಪೇಟೆ ಅಕ್ಕ: ನಮ್ಮ ಕಥೆ ಕೇಳಿ. ನವೆಂಬರ್ 2024ರಲ್ಲಿ ಹೋಗಿದ್ದೆವು. ನಮ್ಮ ಯಜಮಾನರಿಗೆ ಜೇಬಿನಲ್ಲಿ ಜಾಸ್ತಿ ದುಡ್ಡು ಇಟ್ಟುಕೊಳ್ಳಲು ಭಯ. ಬೇಕಾದಾಗ ಎಟಿಎಂನಲ್ಲಿ ತೆಗೆದರಾಯಿತು ಅಂದರು. ದಿನಕ್ಕೆ 3,000 ಬಾತ್‌ನಂತೆ ಏಳು ದಿನ ತೆಗೆದರು. ಅಲ್ಲಿನ ಎಟಿಎಂ ನಮ್ಮ ಕಾರ್ಡ್ ನೋಡಿದ ಕೂಡಲೇ ಪ್ರತಿ ಸಲ 220 ಬಾತ್ ಹಿಡಿಯುತ್ತಿತ್ತು. ಮೂರು ಸಾವಿರ ತೆಗೆದರೂ ಅಷ್ಟೇ, ಇಪ್ಪತ್ತು ಸಾವಿರ ತೆಗೆದರೂ ಅಷ್ಟೇ. ಏಳು ಸಲಕ್ಕೆ 1,540 ಬಾತ್. ಆಗ ಬಾತ್‌ಗೆ ಸುಮಾರು 2.45 ರೂಪಾಯಿ, ಅಂದರೆ 3,773 ರೂಪಾಯಿ ಅಲ್ಲಿಯೇ ಹೋಯಿತು.

ಊರಿಗೆ ಬಂದು ಪಾಸ್‌ಬುಕ್ ಹಾಕಿಸಿದರೆ ಇನ್ನೊಂದು ಹೊಡೆತ. ನಮ್ಮ ಬ್ಯಾಂಕ್ ಸಲಕ್ಕೆ 125 ಮತ್ತು ಜಿಎಸ್‌ಟಿ ಹಿಡಿದು 1,033 ತೆಗೆದುಕೊಂಡಿತ್ತು. ಅದಲ್ಲದೆ ತೆಗೆದ ದುಡ್ಡು, ಎಟಿಎಂ ಶುಲ್ಕ ಎರಡಕ್ಕೂ ಸೇರಿಸಿ ಮೂರೂವರೆ ಪರ್ಸೆಂಟ್ ವಿದೇಶಿ ಮಾರ್ಕಪ್, ಆ ಮಾರ್ಕಪ್‌ಗೂ ಜಿಎಸ್‌ಟಿ, ಒಟ್ಟು 2,281. ಎಲ್ಲ ಕೂಡಿಸಿದರೆ 7,087 ರೂಪಾಯಿ. ಇಪ್ಪತ್ತೊಂದು ಸಾವಿರ ಬಾತ್ ಕೈಗೆ ಬರಲು ಇಷ್ಟು! ಆ ದುಡ್ಡಿಗೆ ಎರಡು ದಿನದ ಹೋಟೆಲ್ ಆಗುತ್ತಿತ್ತು. ಇವತ್ತಿಗೂ ಊಟಕ್ಕೆ ಕೂತಾಗ ನಾನು ಆ ಮಾತು ತೆಗೆಯುತ್ತೇನೆ, ಅವರು ಎದ್ದು ಹೋಗುತ್ತಾರೆ.

ಸೋಮವಾರಪೇಟೆ ಮೇಷ್ಟ್ರು: ಮಷಿನ್ ಕೇಳಿದರೆ ಕಣ್ಣು ಮುಚ್ಚಿ ರೂಪಾಯಿ ಒತ್ತಿ. ನಾನು ಮೂರು ದೇಶ ಸುತ್ತಿದ್ದೇನೆ. ರೂಪಾಯಿ ಒತ್ತಿದರೆ ಎಷ್ಟು ಹೋಯಿತು ಅಂತ ಅಲ್ಲಿಯೇ ಗೊತ್ತಾಗುತ್ತದೆ. ರೂಪಾಯಿಯಲ್ಲೇ ಬಿಲ್ ಆದ ಮೇಲೆ ವಿದೇಶಿ ಮಾರ್ಕಪ್ ಎಲ್ಲಿಂದ ಬರುತ್ತದೆ? ಬಾತ್ ಒತ್ತಿದವರು ತಿಂಗಳ ಕೊನೆಯವರೆಗೆ ಕಾಯಬೇಕು.

ಕುಶಾಲನಗರದಿಂದ, ಮೊದಲು ಫಾರೆಕ್ಸ್ ಕೌಂಟರ್‌ನಲ್ಲಿದ್ದವನು: ಮೇಷ್ಟ್ರೇ, ಗೊತ್ತಾಗುವುದು ನಿಜ. ಆದರೆ ಗೊತ್ತಾಗುವುದು ಕೆಟ್ಟ ರೇಟ್! ರೂಪಾಯಿ ಒತ್ತಿದರೆ ರೇಟ್ ಹಾಕುವವರು ಅಂಗಡಿಯ ಕಡೆಯ ಬ್ಯಾಂಕಿನವರು. ತಮ್ಮ ಲಾಭ ಅದರೊಳಗೆ ಸೇರಿಸಿ ಹಾಕುತ್ತಾರೆ, ಅಂಗಡಿಗೂ ಅದರಲ್ಲಿ ಪಾಲು ಇರುತ್ತದೆ. ಬಾತ್ ಒತ್ತಿದರೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ರೇಟ್ ಬರುತ್ತದೆ, ಅದು ಮಾರ್ಕೆಟ್ ರೇಟ್‌ಗೆ ಹತ್ತಿರ ಇರುತ್ತದೆ.

ನನ್ನದೇ ಬಿಲ್ ಹೇಳುತ್ತೇನೆ. ಹೋಟೆಲ್ 12,000 ಬಾತ್. ಅದೇ 2.45ರ ರೇಟ್‌ಗೆ 29,400 ರೂಪಾಯಿ ಆಗಬೇಕು. ಕೌಂಟರ್ ಹುಡುಗಿ ಕೇಳದೆ ರೂಪಾಯಿ ಒತ್ತಿಬಿಟ್ಟಿದ್ದಳು. ಸ್ಲಿಪ್‌ನಲ್ಲಿ 2.58ರ ಲೆಕ್ಕ, 30,960. ಮುಂದಿನ ತಿಂಗಳು ಸ್ಟೇಟ್‌ಮೆಂಟ್‌ನಲ್ಲಿ ಇನ್ನೂ 365 ರೂಪಾಯಿ ಇತ್ತು. ರೂಪಾಯಿಯಲ್ಲೇ ಬಿಲ್ ಆದರೂ ಅಂಗಡಿ ವಿದೇಶದ್ದು ಅಂತ ನಮ್ಮ ಬ್ಯಾಂಕ್ ಒಂದು ಪರ್ಸೆಂಟ್ ಮತ್ತು ಅದಕ್ಕೆ ಜಿಎಸ್‌ಟಿ ಹಾಕಿತ್ತು. ಒಟ್ಟು 31,325. ಅದೇ ಕಾರ್ಡ್‌ನಲ್ಲಿ ಬಾತ್ ಒತ್ತಿದ್ದರೆ ಮೂರೂವರೆ ಪರ್ಸೆಂಟ್ ಮಾರ್ಕಪ್, ಜಿಎಸ್‌ಟಿ ಎಲ್ಲ ಸೇರಿ 30,614. ಒಂದೇ ಬಿಲ್‌ಗೆ 711 ರೂಪಾಯಿ ವ್ಯತ್ಯಾಸ.

ಸ್ಲಿಪ್ ಸಹಿ ಮಾಡುವ ಮೊದಲು ನೋಡಿ. `INR` ಮತ್ತು `THB` ಎರಡೂ ಮೊತ್ತ ಬರೆದು ನಡುವೆ ಒಂದು ರೇಟ್ ಇದ್ದರೆ ಅವರು ರೂಪಾಯಿ ಒತ್ತಿದ್ದಾರೆ ಅಂತಲೇ ಅರ್ಥ. ಅಲ್ಲೇ ನಿಂತು ವಾಯ್ಡ್, ಅಂದರೆ ರದ್ದು ಮಾಡಿಸಿ, ಬಾತ್‌ನಲ್ಲಿ ಮತ್ತೆ ಉಜ್ಜಿಸಿ. ರೂಮಿಗೆ ಹೋಗಿ ಮಲಗಿ ಬೆಳಿಗ್ಗೆ ಬಂದು ಕೇಳಿದರೆ ಆಗುವುದಿಲ್ಲ. ನಾನು ಹಾಗೇ ಮಾಡಿ ಕಳೆದುಕೊಂಡೆ.

ಸೋಮವಾರಪೇಟೆ ಮೇಷ್ಟ್ರು: ನಿಮ್ಮ ಬ್ಯಾಂಕ್ ಕಳ್ಳ ಬ್ಯಾಂಕ್ ಇರಬಹುದು. ನನ್ನದರಲ್ಲಿ ಹಾಗೆ ಬಂದಿಲ್ಲ. 711 ರೂಪಾಯಿಗೆ ಇಷ್ಟು ಉದ್ದ ಬರೆಯಬೇಕಿತ್ತಾ?

ಕುಶಾಲನಗರದಿಂದ: ನಿಮ್ಮ ಸ್ಟೇಟ್‌ಮೆಂಟ್ ಒಮ್ಮೆ ತೆಗೆದು ನೋಡಿ ಸರ್. ಮಡಿಕೇರಿಯಲ್ಲಿ ಕಾಫಿ ಕೊಡುವಾಗ ಓಟಿ ಎಷ್ಟು, ಅಂದರೆ ಮೂಟೆಗೆ ಎಷ್ಟು ಕಾಫಿ ಬೇಳೆ ಲೆಕ್ಕ ಹಿಡಿಯುತ್ತಾರೆ ಅಂತ ಕೇಳದೆ ಮೂಟೆ ಇಳಿಸುತ್ತೀರಾ? ಬೋರ್ಡ್ ಮೇಲಿನ ರೇಟ್ ಎಷ್ಟಿದ್ದರೇನು, ಓಟಿಯಲ್ಲಿ ಕತ್ತರಿಸಿದರೆ ಕೈಗೆ ಬರುವುದು ಅಷ್ಟೇ. ಇದೂ ಹಾಗೆ.

ನಾಪೋಕ್ಲು ಹುಡುಗ: ಇದೆಲ್ಲ ತಲೆನೋವು ಯಾಕೆ? ಜೀರೋ ಮಾರ್ಕಪ್ ಕಾರ್ಡ್ ಮಾಡಿಸಿ, ಮುಗಿಯಿತು. ನಾನು ಎರಡು ವರ್ಷದಿಂದ ಅದನ್ನೇ ಬಳಸುತ್ತಿದ್ದೇನೆ. ಅಂಕಲ್‌ಗಳೆಲ್ಲ ಯಾವ ಕಾಲದಲ್ಲಿದ್ದೀರಿ?

ಒಂದೇ ಒಂದು ಸಲ ಬಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಫುಕೆಟ್‌ನಲ್ಲಿ ಎಟಿಎಂ. ರಾತ್ರಿ ಹನ್ನೊಂದು ಗಂಟೆ, ಹಿಂದೆ ನಾಲ್ಕು ಜನ ಕ್ಯೂ. 15,000 ಬಾತ್ ಒತ್ತಿದೆ. ಮೊದಲು 220 ಬಾತ್ ಶುಲ್ಕಕ್ಕೆ ಒಪ್ಪಿಗೆ ಕೇಳಿತು, ಒಪ್ಪಿದೆ. ಅದಾದ ಮೇಲೆ ಇನ್ನೊಂದು ಸ್ಕ್ರೀನ್. ದೊಡ್ಡದಾಗಿ ರೂಪಾಯಿ ಮೊತ್ತ, ಒಂದು ಕಡೆ `ACCEPT`, ಇನ್ನೊಂದು ಕಡೆ `DECLINE`. ಡಿಕ್ಲೈನ್ ಒತ್ತಿದರೆ ದುಡ್ಡು ಬರದೆ ಕಾರ್ಡ್ ಹೊರಗೆ ಬರುತ್ತದೆ ಅಂದುಕೊಂಡು ಅಕ್ಸೆಪ್ಟ್ ಒತ್ತಿದೆ. ರೇಟ್ 2.64 ಬಿತ್ತು. 36,750 ಆಗಬೇಕಾದದ್ದು 39,600 ಆಯಿತು. 2,850 ರೂಪಾಯಿ ಒಂದು ಬೆರಳಿಗೆ. ಮಾರನೇ ದಿನ ಧೈರ್ಯ ಮಾಡಿ ಡಿಕ್ಲೈನ್ ಒತ್ತಿದೆ, ದುಡ್ಡು ಸುಮ್ನೆ ಬಂತು. ಅದು ಬೇಡ ಅನ್ನುವುದು ಅವರ ರೇಟ್‌ಗೆ ಮಾತ್ರ, ದುಡ್ಡಿಗಲ್ಲ. ಕೆಲವು ಮೆಷಿನ್‌ನಲ್ಲಿ `CONTINUE WITHOUT CONVERSION` ಅಂತ ಇರುತ್ತದೆ, ಅದೇ ಸರಿ.

ಪೊನ್ನಂಪೇಟೆ ಅಕ್ಕ: ಅಂದರೆ ಜೀರೋ ಮಾರ್ಕಪ್ ಕಾರ್ಡ್ ಇದ್ದರೂ 2,850 ಹೋಯಿತು ಅಂತಾಯಿತು. ಅಂಕಲ್‌ಗಳಿಗೆ ಬುದ್ಧಿ ಹೇಳಲು ಬಂದಿದ್ದೀಯಲ್ಲಪ್ಪ.

ನಾಪೋಕ್ಲು ಹುಡುಗ: ಅಕ್ಕಾ, ಒಂದು ಸಲ. ನಿಮ್ಮದು ಏಳು ಸಲ.

ಗೋಣಿಕೊಪ್ಪ ಬೆಳೆಗಾರ: ಫೆಬ್ರವರಿ ಅಂದರೆ ರೋಬಸ್ಟಾ ಕೊಯ್ಲು. ತೋಟ ಬಿಟ್ಟು ಬ್ಯಾಂಕಾಕ್‌ಗೆ? ಕಾಫಿ ರೇಟ್ ಏರಿದ ಮೇಲೆ ಎಲ್ಲರಿಗೂ ರೆಕ್ಕೆ ಬಂದಿದೆ.

ಇರಲಿ. ನಾನು ಕಾರ್ಡ್ ನಂಬುವವನಲ್ಲ, ನಗದು. ನವೆಂಬರ್ 2024ರಲ್ಲಿ ನಾವೂ ಅಲ್ಲಿದ್ದೆವು. ಮೈಸೂರಿನಲ್ಲಿ ಬಾತ್ ಕೇಳಿದರೆ 2.65 ಅಂದರು. ವಾಪಸ್ ಬಂದು ಡಾಲರ್ ತೆಗೆದುಕೊಂಡೆ, 85.50ರಂತೆ 500 ಡಾಲರ್. ಜಿಎಸ್‌ಟಿ ಸೇರಿ 42,827 ರೂಪಾಯಿ. ಎಲ್ಲ ನೂರರ ನೋಟೇ ಬೇಕು ಅಂದೆ. ಅಲ್ಲಿ ನೂರರ ನೋಟಿಗೆ ಒಂದು ರೇಟ್, ಇಪ್ಪತ್ತರ ನೋಟಿಗೆ ಕಡಿಮೆ ರೇಟ್. ಸುವರ್ಣಭೂಮಿ ಏರ್‌ಪೋರ್ಟ್‌ನಲ್ಲಿ ಇಳಿದು ಬರುವ ಹಾಲ್‌ನ ಕೌಂಟರ್‌ಗಳನ್ನು ನೋಡಬೇಡಿ. ಕೆಳಗೆ ರೈಲು ಹತ್ತುವ ನೆಲಮಾಳಿಗೆಗೆ ಇಳಿಯಿರಿ, ಅಲ್ಲಿ ಸೂಪರ್‌ರಿಚ್ ಮತ್ತು ದುಡ್ಡು ಬದಲಾಯಿಸುವ ಇನ್ನೂ ಕೆಲವು ಅಂಗಡಿಗಳಿವೆ. ನನಗೆ ಡಾಲರ್‌ಗೆ 34.40 ಕೊಟ್ಟರು, 17,200 ಬಾತ್. ಬಾತ್ ಒಂದಕ್ಕೆ 2.49 ಬಿತ್ತು. ಅಷ್ಟೇ ಬಾತ್ ಮೈಸೂರಿನಲ್ಲಿ ತೆಗೆದುಕೊಂಡಿದ್ದರೆ 45,580, ಜಿಎಸ್‌ಟಿ ಬೇರೆ. ಎರಡು ಸಲ ಬದಲಾಯಿಸಿಯೂ ಎರಡೂಮುಕ್ಕಾಲು ಸಾವಿರ ಉಳಿಯಿತು. ಪಾಸ್‌ಪೋರ್ಟ್ ಅಸಲು ಕೇಳುತ್ತಾರೆ, ಜೆರಾಕ್ಸ್ ನಡೆಯುವುದಿಲ್ಲ.

ಆ 500 ಅಲ್ಲದೆ ನನ್ನ ಹತ್ತಿರ ಇದ್ದ ಇನ್ನೊಂದು ನೂರರ ನೋಟನ್ನು ಮಾತ್ರ ತೆಗೆದುಕೊಳ್ಳಲಿಲ್ಲ. ಮೂಲೆಯಲ್ಲಿ ಯಾರೋ ಪೆನ್ನಿನಿಂದ ಚುಕ್ಕೆ ಇಟ್ಟಿದ್ದರು. ಅಷ್ಟಕ್ಕೇ. ಆ ನೂರು ಡಾಲರ್ ಈಗಲೂ ನನ್ನ ಬೀರುವಿನಲ್ಲಿದೆ.

ಅಮ್ಮತ್ತಿಯಿಂದ: ಡಾಲರ್ ಯಾಕೆ ಸ್ವಾಮಿ? ನಾನು ಐನೂರರ ಕಟ್ಟು ಒಯ್ದು ಸೂಪರ್‌ರಿಚ್‌ನಲ್ಲೇ ಕೊಟ್ಟೆ. ರೂಪಾಯಿಯನ್ನೂ ತೆಗೆದುಕೊಳ್ಳುತ್ತಾರೆ. ಒಂದೇ ಸಲ ಬದಲಾವಣೆ, ಒಂದೇ ನಷ್ಟ. ಒಂದು ಲಕ್ಷ ಒಯ್ದಿದ್ದೆ.

ಕುಶಾಲನಗರದಿಂದ: ಒಂದು ಲಕ್ಷ ಅಂತ ಇಲ್ಲಿ ಬರೆಯಬೇಡಿ ಸರ್. ಭಾರತದಿಂದ ಒಬ್ಬರು ಒಯ್ಯಬಹುದಾದ ರೂಪಾಯಿ ನೋಟು 25,000 ಮಾತ್ರ. ಡಾಲರ್ ನೋಟಾದರೆ ಪ್ರಯಾಣಕ್ಕೆ 3,000ದವರೆಗೆ. ಏರ್‌ಪೋರ್ಟ್‌ನಲ್ಲಿ ಹಿಡಿದರೆ ಬಾತ್ ರೇಟ್ ಅಲ್ಲ, ಬೇರೆ ಲೆಕ್ಕ ಶುರುವಾಗುತ್ತದೆ.

ಅಮ್ಮತ್ತಿಯಿಂದ: ನಾವು ನಾಲ್ಕು ಜನ ಹೋಗಿದ್ದೆವು. ನಾಲ್ಕು ಇಪ್ಪತ್ತೈದು ಎಷ್ಟು ಅಂತ ಮೇಷ್ಟ್ರನ್ನು ಕೇಳಿ.

ಗೋಣಿಕೊಪ್ಪ ಬೆಳೆಗಾರ: ರೂಪಾಯಿಗೆ ಅಲ್ಲಿ ಎಷ್ಟು ಕೊಟ್ಟರು ಅಂತ ಮಾತ್ರ ಹೇಳುತ್ತಿಲ್ಲ ನೋಡಿ.

ಅಮ್ಮತ್ತಿಯಿಂದ: ಚೀಟಿ ಬಿಸಾಡಿದ್ದೇನೆ. ನಿಮಗಿಂತ ಒಳ್ಳೆಯದೇ ಸಿಕ್ಕಿತ್ತು.

ಮಡಿಕೇರಿ ಮೇಡಂ: ನಾವು ಸ್ವಿಟ್ಜರ್ಲೆಂಡ್‌ಗೆ ಹೋದಾಗ ಏಜೆಂಟ್ ಫಾರೆಕ್ಸ್ ಕಾರ್ಡ್‌ಗೆ ಯೂರೋ ತುಂಬಿಸಿದ. ಯುರೋಪ್ ತಾನೇ ಅಂದುಕೊಂಡೆವು. ಅಲ್ಲಿ ನಡೆಯುವುದು ಫ್ರಾಂಕ್! ಕಾಫಿ ಕುಡಿದರೂ, ಟ್ರೈನ್ ಹತ್ತಿದರೂ ಯೂರೋದಿಂದ ಫ್ರಾಂಕ್‌ಗೆ ಬದಲಾಯಿಸಿದ್ದಕ್ಕೆ ಮೂರೂವರೆ ಪರ್ಸೆಂಟ್ ಬೇರೆ. ಹಾಗಾಗಿ ಯೂರೋ ತುಂಬಿಸಬೇಡಿ.

ನಾಪೋಕ್ಲು ಹುಡುಗ: ಮೇಡಂ, ಅವರು ಥಾಯ್ಲೆಂಡ್‌ಗೆ ಹೊರಟಿದ್ದಾರೆ.

ಮಡಿಕೇರಿ ಮೇಡಂ: ಗೊತ್ತು. ಡಾಲರ್ ತುಂಬಿಸಿದ ಕಾರ್ಡ್ ಥಾಯ್ಲೆಂಡ್‌ನಲ್ಲಿ ಉಜ್ಜಿದರೂ ಅದೇ ಕಥೆ ಅಲ್ವಾ? ಓದಿ ಅರ್ಥ ಮಾಡಿಕೊಳ್ಳಪ್ಪ. ಇನ್ನೊಂದು ಮಾತು. ಹೋಟೆಲ್ ಡಿಪಾಸಿಟ್‌ಗೆ ಫಾರೆಕ್ಸ್ ಕಾರ್ಡ್ ಕೊಡಬೇಡಿ. ನಮ್ಮ ದುಡ್ಡು ಬ್ಲಾಕ್ ಆಗಿ 19 ದಿನ ವಾಪಸ್ ಬರಲಿಲ್ಲ. ಟ್ರಿಪ್ ಮುಗಿದಿತ್ತು, ಜಗಳ ಮಾತ್ರ ಮುಗಿದಿರಲಿಲ್ಲ. ಡಿಪಾಸಿಟ್‌ಗೆ ಕ್ರೆಡಿಟ್ ಕಾರ್ಡ್ ಕೊಡಿ, ಇಲ್ಲ ನಗದು ಕೊಟ್ಟು ರಸೀದಿ ತೆಗೆದುಕೊಳ್ಳಿ.

ವಿರಾಜಪೇಟೆಯಿಂದ ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ತೋಟ ಲೀಸ್‌ಗೆ ಕೊಟ್ಟಿದ್ದೇನೆ ಅಣ್ಣಾ, ಕೊಯ್ಲಿನ ಚಿಂತೆ ಬೇಡ. ಮೂವರಿಗೆ 600 ಡಾಲರ್ ನೂರರ ನೋಟಿನಲ್ಲಿ, ಹೋಟೆಲ್‌ಗೆ ಕಾರ್ಡ್, ಬಾತ್ ಒತ್ತುವುದು. ಸಾಕಾಗುತ್ತದಾ? ಅತ್ತೆ ತಮ್ಮ ಡೆಬಿಟ್ ಕಾರ್ಡೂ ಇರಲಿ ಅನ್ನುತ್ತಿದ್ದಾರೆ.

ಕುಶಾಲನಗರದಿಂದ: ಅತ್ತೆಯವರ ಕಾರ್ಡ್‌ನಲ್ಲಿ ವಿದೇಶಿ ಬಳಕೆ ಆನ್ ಇದೆಯಾ ಅಂತ ಆಪ್‌ನಲ್ಲಿ ಇವತ್ತೇ ನೋಡಿ. 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡ್‌ಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಅಲ್ಲಿ ಹೋದ ಮೇಲೆ ಓಟಿಪಿಗೆ ಊರಿನ ಸಿಮ್ ಬೇಕು ಅಂತ ಒದ್ದಾಡುವವರನ್ನು ಕಂಡಿದ್ದೇನೆ. ಎಟಿಎಂಗೆ ಹೋಗಲೇಬೇಕಾದರೆ ಒಂದೇ ಸಲ ದೊಡ್ಡ ಮೊತ್ತ ತೆಗೆಯಿರಿ. 600 ಸಾಕಾ ಅನ್ನುವುದು ಅತ್ತೆ ಎಷ್ಟು ಶಾಪಿಂಗ್ ಮಾಡುತ್ತಾರೆ ಅನ್ನುವುದರ ಮೇಲೆ.

ಗೋಣಿಕೊಪ್ಪ ಬೆಳೆಗಾರ: ರೋಬಸ್ಟಾ ರೇಟ್ ಇಷ್ಟಿರುವಾಗ ಲೀಸ್‌ಗೆ ಕೊಟ್ಟಿರಾ? ಬಾತ್ ರೇಟ್ ಬಿಡಿ, ಮೊದಲು ಆ ಲೆಕ್ಕ ಹಾಕಿ.

ಸೋಮವಾರಪೇಟೆ ಮೇಷ್ಟ್ರು: ಸಿಂಗಪುರದ ಹಳೆಯ ಸ್ಲಿಪ್ ಒಂದು ಪರ್ಸ್‌ನಲ್ಲೇ ಇತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಮಾರ್ಕಪ್ 4 ಪರ್ಸೆಂಟ್ ಅಂತ ಬರೆದಿದೆ. ಸಹಿ ನನ್ನದೇ. ಆದರೂ ಆ ಹೋಟೆಲ್‌ನವರು ಮೊದಲೇ ಹೇಳಬೇಕಿತ್ತು.