ಪದಚರ್ಚೆ: ಬೇಲಿಯ ‘ಗ್ರಿಡ್ ಪ್ಯಾಟರ್ನ್’ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಕಲಬುರಗಿಯಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಗುರುವಾರದಿಂದ ಇಲ್ಲಿ ಕಾಲೇಜುಗಳ ಕ್ರೀಡಾಕೂಟ. ವಿಡಿಯೊ ಮಾಡುವ ಹುಡುಗರನ್ನು ಮೈದಾನದೊಳಗೆ ಬಿಡುವುದಿಲ್ಲ, ತಂತಿಬೇಲಿಯ ಈಚೆ ನಿಂತೇ ಮಾಡಬೇಕು. ಅವರಿಗೆ ಕೊಡುವ ಒಂದು ಪುಟದ ಸೂಚನೆಯನ್ನೂ ಬೇಲಿಗೆ ಕಟ್ಟುವ ಒಂದು ಫಲಕವನ್ನೂ ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಮಧ್ಯಾಹ್ನದೊಳಗೆ ಪ್ರೆಸ್ಸಿಗೆ ಹೋಗಬೇಕು.

ತಲೆಬರಹವೇ ಕೂಡಿ ಬರುತ್ತಿಲ್ಲ. ಚಿತ್ರದ ಮೇಲೆ ಮೂಡುವ ಬೇಲಿಯ ‘ಗ್ರಿಡ್ ಪ್ಯಾಟರ್ನ್’ ಕಡಿಮೆ ಮಾಡುವುದು ಹೇಗೆ ಎಂಬುದು ಮೂಲ. ‘ಚೌಕಳಿ ವಿನ್ಯಾಸ’ ಎಂದರೆ ಓದುವವರಿಗೆ ಲುಂಗಿ, ಟವೆಲ್ಲು ಕಣ್ಣಿಗೆ ಬರುತ್ತವೆ. ಕರಡು ಹೀಗಿದೆ:

“ಲೆನ್ಸನ್ನು ಜಾಲಿಗೆ ತಾಗಿಸಿ ಹಿಡಿಯಿರಿ. ಅಪರ್ಚರ್ ಕಡಿಮೆ ಮಾಡಿ. ಜೂಮ್ ಹೆಚ್ಚಿಸಿ. ಫೋಕಸ್ ಆಟಗಾರರ ಮೇಲಿರಲಿ.”

ಜಾಲಿ, ಜಾಲರಿ, ಬಲೆ, ಇವುಗಳಲ್ಲಿ ಯಾವುದು? ‘ಕಡಿಮೆ ಮಾಡುವುದು’ ಎಂಬ ಕ್ರಿಯಾಪದ ಸರಿಯೇ?

ಬೀದರಿನಿಂದ

ಬಲೆ. ಚರ್ಚೆಗೆ ಇದರಲ್ಲಿ ಏನೂ ಇಲ್ಲ. ಜಾಲ ಸಂಸ್ಕೃತ, ಜಾಲರಿ ಅದರದೇ ಸಂತಾನ, ಜಾಲಿ ಹಿಂದಿ-ಉರ್ದು ಹಾದು ಬಂದದ್ದು. ತಮಿಳಿನ ವಲೈ, ತೆಲುಗಿನ ವಲ, ನಮ್ಮ ಬಲೆ, ಮೂರಕ್ಕೂ ಬೇರು ಒಂದೇ. ಬೇಲಿಯೂ ನಮ್ಮದೇ, ತಮಿಳಿನಲ್ಲಿ ವೇಲಿ. ಹಾಗಾಗಿ ಅದು ‘ಬಲೆಬೇಲಿ’, ಚಿತ್ರದಲ್ಲಿ ಮೂಡುವುದು ‘ಬಲೆಗೆರೆ’. ಎರಡೂ ಅಚ್ಚ ಕನ್ನಡ, ಎರಡೂ ಚಿಕ್ಕವು. ಹಾಗೇ ಹಾಕಿರಿ.

ಯಾದಗಿರಿಯಿಂದ

ಸರ್, ಇದಕ್ಕ ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ? ಕ್ಯಾಮೆರಾ ಸೆಟ್ಟಿಂಗ್ಸ್‌ನಾಗ ಹೋಗಿ ‘ಗ್ರಿಡ್’ ಅಂತ ಇರ್ತದ, ಅದನ್ನ ಆಫ್ ಮಾಡಿದ್ರ ಗೆರಿ ಹೋಗ್ತಾವ. ನನ್ನ ಫೋನ್‌ನಾಗೂ ಪರದೆ ಮ್ಯಾಲ ಒಂಬತ್ತು ಮನಿ ಬರ್ತಿದ್ದವು, ಆಫ್ ಮಾಡೀನಿ. ಅಲ್ಲದೆ ಆ ಗೆರಿ ಪರದೆ ಮ್ಯಾಲಷ್ಟೇ ಕಾಣ್ತಾವ, ವಿಡಿಯೊದಾಗ ಬರಂಗಿಲ್ಲ.

ಕಲಬುರಗಿಯಿಂದ, ಕ್ಯಾಮೆರಾ ಕೆಲಸದವರು

ಯಾದಗಿರಿಯವರು ಹೇಳಿದ್ದು ಬೇರೆ ಗ್ರಿಡ್. ಫಲಕದಲ್ಲಿ ‘ಗ್ರಿಡ್’ ಇಟ್ಟರೆ ಅರ್ಧ ಹುಡುಗರು ಅದನ್ನೇ ಆಫ್ ಮಾಡಿ, ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಆ ಪದ ಬೇಡ.

ತಲೆಬರಹಕ್ಕಿಂತ ದೊಡ್ಡ ತೊಂದರೆ ಕರಡಿನ ಎರಡನೇ ವಾಕ್ಯದಲ್ಲಿದೆ. ‘ಅಪರ್ಚರ್ ಕಡಿಮೆ ಮಾಡಿ’ ಎಂದರೆ ಹುಡುಗರು ಕಿಂಡಿಯನ್ನು ಸಣ್ಣದು ಮಾಡುತ್ತಾರೆ, ಅಂದರೆ f/16ಕ್ಕೆ ಹೋಗುತ್ತಾರೆ. ಮೂಲದಲ್ಲಿ ಕಡಿಮೆ ಇರಬೇಕಾದದ್ದು ಅಂಕಿ. ಅಂಕಿ ಇಳಿದರೆ ಕಿಂಡಿ ಅಗಲವಾಗುತ್ತದೆ. ಇದೊಂದು ವಾಕ್ಯ ಹೀಗೇ ಅಚ್ಚಾದರೆ ಬೇಲಿ ಇನ್ನೂ ಚೆನ್ನಾಗಿ ಕಾಣುವ ವಿಡಿಯೊ ಬರುತ್ತದೆ.

ಲೆಕ್ಕ ಸರಳ. ಲೆನ್ಸಿನ ಸಂಗಮದೂರವನ್ನು ಆ ಅಂಕಿಯಿಂದ ಭಾಗಿಸಿದರೆ ಬೆಳಕು ಒಳಬರುವ ಕಿಂಡಿಯ ಅಗಲ ಸಿಗುತ್ತದೆ. 200 ಮಿ.ಮೀ. ಲೆನ್ಸ್ f/2.8ರಲ್ಲಿದ್ದರೆ ಸುಮಾರು 71 ಮಿ.ಮೀ., f/16ರಲ್ಲಿದ್ದರೆ ಹನ್ನೆರಡೂವರೆ. ಬೇಲಿಯ ಕಣ್ಣು 50 ಮಿ.ಮೀ., ತಂತಿ 3 ಮಿ.ಮೀ. ದಪ್ಪ ಎಂದು ಹಿಡಿಯಿರಿ. ದೂರದ ಓಟಗಾರನ ಒಂದೊಂದು ಬಿಂದುವಿನಿಂದ ಬರುವ ಬೆಳಕೂ ಬೇಲಿ ದಾಟುವಾಗ ಹೆಚ್ಚುಕಡಿಮೆ ಆ ಕಿಂಡಿಯಷ್ಟೇ ಅಗಲ ಇರುತ್ತದೆ. 71 ಮಿ.ಮೀ. ಅಗಲದ ಬೆಳಕಿಗೆ ಎಲ್ಲಿ ಹಾದರೂ ಒಂದೆರಡು ತಂತಿ ಅಡ್ಡ ಇದ್ದೇ ಇರುತ್ತವೆ, ಹಾಗಾಗಿ ಎಲ್ಲ ಬಿಂದುವೂ ಹತ್ತಿರಹತ್ತಿರ ಒಂದೇ ಪಾಲು ಬೆಳಕು ಕಳೆದುಕೊಳ್ಳುತ್ತದೆ. ಚಿತ್ರ ತುಸು ಮಬ್ಬಾಗುತ್ತದೆ, ಪಟ್ಟೆ ಬೀಳುವುದಿಲ್ಲ. ಹನ್ನೆರಡೂವರೆಯ ಬೆಳಕು ಹಾಗಲ್ಲ. ತಂತಿ ಅಡ್ಡ ಬಂದ ಕಡೆ ಕಾಲುಭಾಗ ಹೋಗುತ್ತದೆ, ಬರದ ಕಡೆ ಏನೂ ಹೋಗುವುದಿಲ್ಲ. ಆ ವ್ಯತ್ಯಾಸವೇ ಚಿತ್ರದ ಮೇಲಿನ ಬೂದು ಪಟ್ಟೆ. ಕ್ಯಾಮೆರಾ ಓಟಗಾರನ ಹಿಂದೆ ತಿರುಗಿದಂತೆ ಅದು ಫ್ರೇಮಿನ ಅಡ್ಡಕ್ಕೆ ಸರಿಯುತ್ತದೆ.

ಆದ್ದರಿಂದ ‘ಕಡಿಮೆ ಮಾಡು’ ಹೊಂದುವುದಿಲ್ಲ. ತಂತಿಯ ಗುರುತು ಅಳಿಯುವುದೂ ಇಲ್ಲ, ಚಿತ್ರದ ತುಂಬ ಹರಡಿ ಕರಗುತ್ತದೆ. ‘ಬೇಲಿಯ ತಂತಿ ಚಿತ್ರದಲ್ಲಿ ಕಾಣದಂತೆ’ ಎಂದರೆ ಸಾಕಲ್ಲವೇ?

ಬೀದರಿನಿಂದ

ವಿವರಣೆ ಸರಿ. ಆದರೆ ಕೇಳಿದ್ದು ನಾಮಪದ. ನೀವು ಕೊಟ್ಟದ್ದು ವಾಕ್ಯ. ಪದ ಇಲ್ಲದಿದ್ದಾಗ ವಾಕ್ಯ ಕಟ್ಟಿ ದಾಟಿಕೊಳ್ಳುವ ಈ ಚಾಳಿಯಿಂದಲೇ ಕನ್ನಡದಲ್ಲಿ ಪಾರಿಭಾಷಿಕ ಪದ ಬೆಳೆದಿಲ್ಲ. ಅಪರ್ಚರ್‌ಗೆ ‘ಕಿಂಡಿ’ ಎಂದು ನೀವೇ ನಾಲ್ಕು ಸಲ ಬರೆದಿದ್ದೀರಿ, ಚೆನ್ನಾಗಿಯೇ ಇದೆ. ಅದನ್ನೇ ಫಲಕಕ್ಕೂ ಹಾಕಿ.

ಕಲಬುರಗಿಯಿಂದ, ಕ್ಯಾಮೆರಾ ಕೆಲಸದವರು

ಫಲಕಕ್ಕೆ ಆಗದು ಸರ್. ಕ್ಯಾಮೆರಾ ಹಿಡಿದವನು ಪರದೆಯಲ್ಲಿ ಕಾಣುವುದು f ಮತ್ತು ಒಂದು ಅಂಕಿ. ಬೇಲಿಯ ಮುಂದೆ ನಿಂತವನಿಗೆ ‘ಕಿಂಡಿ ಅಗಲಿಸಿ’ ಎಂದರೆ ಅವನು ಬೇಲಿಯ ಕಿಂಡಿಗೇ ಕೈ ಹಾಕುತ್ತಾನೆ. “f ಅಂಕಿ 2.8 ಅಥವಾ 4 ಇರಲಿ, ಏರಿಸಬೇಡಿ” ಎಂದು ಬರೆಯಿರಿ.

ಶಹಾಪುರದಿಂದ

ಅಣ್ಣಾವ್ರೇ, ಹುಡುಗರ ಹತ್ರ ಎಲ್ಲಾ ಫೋನೇ ಇರ್ತಾವ. 200ರ ಲೆನ್ಸ್ ಯಾರ ಹತ್ರ ಅದ? ಫೋನ್‌ದಾಗ ಇದ್ದದ್ದರಾಗ ಭೇಷಿ ದಾರಿ ಅಂದ್ರ ಬೇಲಿಯಿಂದ ಹತ್ತು ಹೆಜ್ಜಿ ಹಿಂದ ಸರಿದು ಜೂಮ್ ಮಾಡೋದು. ಜೂಮ್ ಮಾಡಿದಷ್ಟು ಮುಂದಿನ ವಸ್ತು ಮಸುಕ ಆಗ್ತದ.

ಕಲಬುರಗಿಯಿಂದ, ಕ್ಯಾಮೆರಾ ಕೆಲಸದವರು

ಜೂಮಿನ ಮಾತು ದೊಡ್ಡ ಲೆನ್ಸಿಗೆ ಖರೇ. 55–250ರ ಸಾಮಾನ್ಯ ಲೆನ್ಸು 250ಕ್ಕೆ ಹೋದಾಗ f/5.6ರಲ್ಲೂ ಕಿಂಡಿ 45 ಮಿ.ಮೀ. ಆಗುತ್ತದೆ, ಅದೇ ಲೆನ್ಸು 55ರಲ್ಲಿ f/4 ಇದ್ದರೂ 14 ಮಾತ್ರ. ಆದರೆ ಹಿಂದೆ ಸರಿಯುವುದು ಯಾವ ಕ್ಯಾಮೆರಾಕ್ಕೂ ತಪ್ಪು. ಹತ್ತಿರ ಇದ್ದಾಗ ಇಡೀ ಚಿತ್ರ ಬೇಲಿಯ ಒಂದೇ ಸಣ್ಣ ಭಾಗದ ಮೂಲಕ ಬರುತ್ತದೆ. ಸರಿದಷ್ಟು ಚಿತ್ರದ ಬೇರೆಬೇರೆ ಮೂಲೆಗಳು ಬೇಲಿಯ ಬೇರೆಬೇರೆ ಕಣ್ಣು ದಾಟಿ ಬರುತ್ತವೆ, ಆಗಲೇ ಪಟ್ಟೆ ಕಾಣಲು ಶುರು. ಅದಕ್ಕೇ ಲೆನ್ಸಿನ ಮುಂದಿನ ಹುಡ್ ತೆಗೆಯಿರಿ ಅನ್ನುವುದು. ಅದು ಏಳೆಂಟು ಸೆಂ.ಮೀ. ಸುಮ್ಮನೆ ದೂರ ಇಡುತ್ತದೆ. ಗಾಜಿಗೆ ತಂತಿ ಗೀರುವ ಭಯವಿದ್ದರೆ ರಬ್ಬರಿನ ಮಡಚುವ ಹುಡ್ ಹಾಕಿಕೊಳ್ಳಲಿ.

ಫೋನಿಗೆ ಬೇರೆಯೇ ನಿಯಮ. ಅದರ ಕಿಂಡಿ ನಾಲ್ಕೈದು ಮಿ.ಮೀ. ಇರುವುದರಿಂದ ಬೇಲಿಯನ್ನು ಕರಗಿಸಲು ಬಾರದು, ಆದರೆ 50 ಮಿ.ಮೀ. ಕಣ್ಣಿನೊಳಗೆ ಪೂರಾ ಕೂರುತ್ತದೆ. ಲೆನ್ಸ್ ಕಣ್ಣಿನ ನಟ್ಟನಡುವೆ ಬರುವಂತೆ ಫೋನನ್ನು ಬೇಲಿಗೆ ಒತ್ತಿ ಹಿಡಿದರೆ ತಂತಿ ಬರುವುದೇ ಇಲ್ಲ. ಮೂರು ಸೆಂ.ಮೀ. ಹಿಂದೆ ಬಂದರೂ ಅಂಚಿನಲ್ಲಿ ತಂತಿ ಇಣುಕುತ್ತದೆ. ಇಲ್ಲಿ ಎಡವುವುದು ಜೂಮ್ ಗುಂಡಿಯಿಂದ. ಎರಡು-ಮೂರು ಲೆನ್ಸ್ ಇರುವ ಫೋನಿನಲ್ಲಿ ಜೂಮ್ ಒತ್ತಿದ ಕೂಡಲೇ ಪಕ್ಕದ ಲೆನ್ಸಿಗೆ ಹಾರಬಹುದು, ಅದು ಸರಿಯಾಗಿ ತಂತಿಯ ಹಿಂದೆ ಇರುತ್ತದೆ. ಯಾವ ಲೆನ್ಸ್ ನಡೆದಿದೆ ಎಂದು ತಿಳಿಯಲು ಒಂದೊಂದರ ಮೇಲೆ ಬೆರಳಿಟ್ಟು ನೋಡಬೇಕು. ಪರದೆ ಕಪ್ಪಾದರೆ ಅದೇ. ಆಮೇಲೆ ದೂರದ ಆಟಗಾರನ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಬೇಕು. ಇಲ್ಲದಿದ್ದರೆ ನಡುನಡುವೆ ತಂತಿಗೆ ಹಾರಿ ಮೈದಾನ ಮಸುಕಾಗುತ್ತದೆ.

ದೊಡ್ಡ ಕ್ಯಾಮೆರಾದವರಿಗೆ ಇನ್ನೊಂದು ಸಾಲು ಬೇಕೇಬೇಕು. ನಮ್ಮ ಬಿಸಿಲಿನಲ್ಲಿ ಐಎಸ್‌ಒ 100, ಶಟರ್ 1/50 ಇಟ್ಟರೆ ಸರಿಯಾದ ಬೆಳಕಿಗೆ f/22ರ ತನಕ ಹೋಗಬೇಕಾಗುತ್ತದೆ. f/2.8ರಲ್ಲೇ ಉಳಿಯಬೇಕಾದರೆ ಆರು ಸ್ಟಾಪ್ ಬೆಳಕು ತಡೆಯಬೇಕು, ಅಂದರೆ ಆರು ಸಲ ಅರ್ಧಕ್ಕರ್ಧ ಇಳಿಸಿ 64ರಲ್ಲಿ ಒಂದು ಪಾಲು ಬೆಳಕನ್ನಷ್ಟೇ ಬಿಡುವ ಎನ್‌ಡಿ 64 ಫಿಲ್ಟರ್. ಅದಿಲ್ಲದೆ ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ತಾನಾಗಿ ಕಿಂಡಿ ಮುಚ್ಚುತ್ತದೆ. ಬೆಳಿಗ್ಗೆ ಏಳಕ್ಕೆ ಕಾಣದ ಬೇಲಿ ಹನ್ನೊಂದಕ್ಕೆ ಕಾಣಲು ಇದೇ ಕಾರಣ. ಫಿಲ್ಟರ್ ಇಲ್ಲದವರು ಶಟರನ್ನು 1/3200ಕ್ಕೆ ಏರಿಸಲಿ. ಓಟ ಸ್ವಲ್ಪ ಕಡಿದುಕಡಿದು ಕಂಡೀತು, ತಂತಿ ಕಾಣುವುದಿಲ್ಲ.

ಸುರಪುರದಿಂದ

ಪದಕ್ಕೆ ಬರೋಣ. ‘ಜಾಲಿ’ ಮಾತ್ರ ಹಾಕಬೇಡ್ರಿ. ನಮ್ಮ ಕಡೆ ಜಾಲಿ ಅಂದ್ರ ಗಿಡ. ಬಳ್ಳಾರಿ ಜಾಲಿ ಹೊಲದ ಬದುವಿಗೆಲ್ಲಾ ಹಬ್ಯಾದ. ‘ಜಾಲಿಗೆ ತಾಗಿಸಿ ಹಿಡಿಯಿರಿ’ ಅಂದ್ರ ಮುಳ್ಳಿಗೆ ತಾಗಿಸಂಗ ಆಗ್ತದ. ‘ಬಲೆಬೇಲಿ’ನೂ ಜನಕ್ಕ ತಿಳಿಯಂಗಿಲ್ಲ, ಬಲಿ ಅಂದ್ರ ಮೀನ ಹಿಡಿಯೋದು. ಇಲ್ಲಿ ಮಂದಿ ಅನ್ನೋದು ಜಾಳಗಿ. ‘ಜಾಳಗಿ ಗೆರಿ’ ಅಂತ ಬರೀರಿ, ಎಲ್ಲರಿಗೂ ತಿಳೀತದ.

ಬೀದರಿನಿಂದ

ಜಾಳಗಿಯೂ ಜಾಲದಿಂದಲೇ. ಉಚ್ಚಾರ ಬದಲಾದರೆ ಮೂಲ ಬದಲಾಗದು.

ಸುರಪುರದಿಂದ

ಮೂಲ ಯಾರಿಗೆ ಬೇಕಾಗ್ಯಾದ್ರಿ? ಖಿಡಕಿ, ದರವಾಜಿ, ಕುರ್ಚಿ ಎಲ್ಲಾ ಹೊರಗಿಂದ ಬಂದಾವ, ಮನ್ಯಾಗ ಯಾರೂ ತೆಗೆದು ಹಾಕಿಲ್ಲ. ನೀವು ಬೀದರದಾಗ ಇದ್ದು ಇದನ್ನ ಕೇಳ್ತೀರಲ್ಲ.

ಬೀದರಿನಿಂದ

ಬೀದರಿನಲ್ಲಿ ಇರುವುದಕ್ಕೇ ಕೇಳುತ್ತಿದ್ದೇನೆ. ಕನ್ನಡದ್ದೇ ಪದ ಬದುಕಿರುವಾಗ ಅದನ್ನು ಮೀನುಗಾರರಿಗೆ ಬಿಟ್ಟುಕೊಟ್ಟು ಹೊರಗಿನದನ್ನು ತರುವುದು ಬೇಡ. ಕುರ್ಚಿಗೆ ನಮ್ಮಲ್ಲಿ ಪದವಿರಲಿಲ್ಲ, ಬಲೆಗೆ ಇತ್ತು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಯಾದಗಿರಿಯಿಂದ

ಹಂಗಾದ್ರ ಕ್ರಿಕೆಟ್ ಪ್ರಾಕ್ಟೀಸಿನ ಬಿಳಿ ನೈಲಾನ್ ಬಲಿಗೆ ಏನ್ ಮಾಡ್ಬೇಕ್ರಿ? ನಮ್ಮ ಶಾಲಿ ಹುಡುಗರ ಬ್ಯಾಟಿಂಗ್ ವಿಡಿಯೊ ಎಲ್ಲಾ ಬೆಳ್ಳಗ ಮಂಜ ಬಿದ್ದಂಗ ಬರ್ತದ. ಗೆರಿ ಇಲ್ಲ, ಮಂಜಷ್ಟೇ.

ಕಲಬುರಗಿಯಿಂದ, ಕ್ಯಾಮೆರಾ ಕೆಲಸದವರು

ನಿಮ್ಮಲ್ಲಿ ಎಳೆ ಆಗಲೇ ಕರಗಿದೆ, ಉಳಿದಿರುವುದು ಅದರ ಮೇಲೆ ಬಿದ್ದ ಬಿಸಿಲು. ಬಿಳಿ ಎಳೆ ಬಿಸಿಲಿಗೆ ಹೊಳೆದು ಆ ಬೆಳಕು ಚಿತ್ರದ ತುಂಬ ಹರಡುತ್ತದೆ. ಲೆನ್ಸಿನ ಮುಂದೆ ಎರಡು ಗೇಣು ಅಗಲದಷ್ಟು ಬಲೆಗೆ ನೆರಳು ಬಿದ್ದರೆ ಮುಕ್ಕಾಲು ಮಂಜು ಹೋಗುತ್ತದೆ. ಒಬ್ಬರು ಕೊಡೆ ಹಿಡಿದರೂ ಸಾಕು. ಉಳಿದದ್ದಕ್ಕೆ ಎಡಿಟಿಂಗಿನಲ್ಲಿ ಕಾಂಟ್ರಾಸ್ಟ್ ಏರಿಸಿ, ಕಪ್ಪನ್ನು ಸ್ವಲ್ಪ ಇಳಿಸಿ. ಹಸಿರು ಅಥವಾ ಕಪ್ಪು ಬಲೆಗೆ ಈ ಕಾಟ ಕಡಿಮೆ, ಹೊಸ ಗ್ಯಾಲ್ವನೈಜ್ ತಂತಿಗೆ ಜಾಸ್ತಿ.

ಕಲಬುರಗಿಯಿಂದ, ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಫಲಕಕ್ಕೆ ಇದನ್ನು ಕಳಿಸುತ್ತಿದ್ದೇನೆ:

“ಬೇಲಿಯ ತಂತಿ ವಿಡಿಯೊದಲ್ಲಿ ಕಾಣದಿರಲು: ನೆರಳಿರುವ ಕಡೆ ನಿಲ್ಲಿ. ಹುಡ್ ತೆಗೆದು ಲೆನ್ಸನ್ನು ಜಾಲರಿಗೆ ತೀರ ಹತ್ತಿರ ಹಿಡಿಯಿರಿ. f ಅಂಕಿ 2.8 ಅಥವಾ 4 ಇರಲಿ, ಏರಿಸಬೇಡಿ. ಫೋಕಸ್ ಆಟಗಾರರ ಮೇಲೆ ಲಾಕ್ ಮಾಡಿ. ಫೋನ್ ಇದ್ದವರು ಲೆನ್ಸನ್ನು ಜಾಲರಿಯ ಒಂದು ಕಣ್ಣಿನ ನಡುವೆ ಇಟ್ಟು ಒತ್ತಿ ಹಿಡಿಯಿರಿ, ಜೂಮ್ ಮುಟ್ಟಬೇಡಿ.”

‘ಜಾಲರಿ’ ಉಳಿಸಿಕೊಂಡಿದ್ದೇನೆ. ಪುಟದ ತಲೆಬರಹಕ್ಕೆ ‘ಜಾಲರಿ ಪಟ್ಟೆ’ ಎಂದು ಹಾಕಬಹುದೇ?

ಬೀದರಿನಿಂದ

ಬಲೆಗೆರೆ.

ಸುರಪುರದಿಂದ

ಪಟ್ಟಿ ಬ್ಯಾಡ್ರಿ, ಗೆರಿ ಅನ್ರಿ.

ಕಲಬುರಗಿಯಿಂದ, ಕ್ಯಾಮೆರಾ ಕೆಲಸದವರು

ಕಾಣುವುದು ಅಗಲವಾದ ಮಸುಕು, ಹಾಗಾಗಿ ಪಟ್ಟೆಯೇ ಹತ್ತಿರ. ಗೆರೆ ಅಂದರೆ ತಂತಿಗೇ ಫೋಕಸ್ ಆದಾಗ ಕಾಣುವುದು, ಅದು ಬೇರೆ ದೋಷ. ಫಲಕ ಕಟ್ಟುವ ಜಾಗದ ಬಗ್ಗೆ ಒಂದು ಮಾತು. ಫೈನಲ್‌ಗಳು ಸಂಜೆ ಇದ್ದರೆ ಪಶ್ಚಿಮದ ಬೇಲಿಯಲ್ಲಿ ನಿಂತವರ ಬೆನ್ನಿಗೆ ಸೂರ್ಯ ಇರುತ್ತಾನೆ, ತಂತಿಯ ಇತ್ತಲ ಮೈಯೆಲ್ಲ ಹೊಳೆಯುತ್ತದೆ. ಪೂರ್ವದಲ್ಲಿ ನಿಂತರೆ ತಂತಿ ಕಪ್ಪಾಗಿರುತ್ತದೆ, ಆದರೆ ಬಿಸಿಲು ನೇರ ಲೆನ್ಸಿಗೆ ಬಿದ್ದು ಆಟಗಾರರ ಮುಖ ಕತ್ತಲಾಗುತ್ತದೆ. ಪಶ್ಚಿಮದಲ್ಲಿ ಗ್ಯಾಲರಿಯ ನೆರಳು ಬೇಲಿಯ ತನಕ ಬರುತ್ತದೆಯೇ? ಇವತ್ತು ನಾಲ್ಕೂವರೆಗೆ ಒಂದು ಸಲ ಹೋಗಿ ನೋಡಿ, ಆಮೇಲೆ ಕಟ್ಟಿಸಿ.